ಕ್ಯಾಂಟೀನ್ ವೆಂಡರ್ ಒಪ್ಪಂದದ ಇಂಡೆಮ್ನಿಟಿ ಷರತ್ತು: ಯಾವ ನಷ್ಟ ಯಾರ ತಲೆ ಮೇಲೆ ಅಂತ ಮ್ಯಾನೇಜರ್‌ಗೆ ಅರ್ಥವಾಗುವ ಹಾಗೆ ಮತ್ತೆ ಬರೆಯುವ ಕ್ರಮ

ಇಂಡೆಮ್ನಿಟಿ ಅಂದರೆ ಒಬ್ಬರಿಗೆ ಆದ ನಷ್ಟವನ್ನು ಇನ್ನೊಬ್ಬರು ತುಂಬಿಕೊಡುತ್ತೇನೆ ಅನ್ನುವ ಮಾತು. ಆ ಷರತ್ತನ್ನು ಸರಳ ಮಾಡಿ ಕಳಿಸಿದ್ದೇವೆ, ನೋಡಿ ಅಂತ ನನಗೆ ಬರುವ ಕರಡುಗಳಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿ ಎಡವಿರುತ್ತವೆ. ಉದ್ದದ ವಾಕ್ಯವನ್ನು ನಾಲ್ಕು ತುಂಡು ಮಾಡಿರುತ್ತಾರೆ, ಕಷ್ಟದ ಪದ ತೆಗೆದು ಸುಲಭದ ಪದ ಹಾಕಿರುತ್ತಾರೆ. ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ಅಡ್ಮಿನ್ ಮ್ಯಾನೇಜರ್ ಕೈಗೆ ಕೊಟ್ಟು "ನಾಳೆ ಊಟ ತಿಂದು ನಲವತ್ತು ಜನ ಆಸ್ಪತ್ರೆ ಸೇರಿದರೆ ಬಿಲ್ ಯಾರದು?" ಅಂತ ಕೇಳಿದರೆ ಅವರಿಗೆ ಉತ್ತರ ಸಿಗುವುದಿಲ್ಲ. ಯಾಕೆಂದರೆ ಬರೆದವರಿಗೂ ಉತ್ತರ ಗೊತ್ತಿರಲಿಲ್ಲ. ವಾಕ್ಯ ಮುಟ್ಟುವ ಮೊದಲು ನಷ್ಟಗಳನ್ನು ಹಂಚಬೇಕು. ಈ ಕ್ರಮ ತಲೆಕೆಳಗಾದರೆ ಮುಂದಿನದ್ದೆಲ್ಲ ತಪ್ಪುತ್ತದೆ.

ಒಂದು ಉದಾಹರಣೆ ಹಿಡಿದುಕೊಂಡು ಕೊನೆಯವರೆಗೂ ಹೋಗೋಣ. ಪೀಣ್ಯದಲ್ಲಿ ಆರುನೂರು ಜನ ಕೆಲಸ ಮಾಡುವ ಒಂದು ಗಾರ್ಮೆಂಟ್ ಫ್ಯಾಕ್ಟರಿ ಇದೆ ಅಂದುಕೊಳ್ಳಿ. ಕ್ಯಾಂಟೀನ್ ನಡೆಸಲು ಹೊರಗಿನ ವೆಂಡರ್. ಅಡುಗೆಮನೆ, ನೀರಿನ ಸಂಪು, ಗ್ಯಾಸ್ ಪೈಪ್ ಕಂಪನಿಯವು. ದಿನಸಿ, ಅಡುಗೆಯವರು, ಬಡಿಸುವವರು ವೆಂಡರ್ ಕಡೆಯವರು. ತಿಂಗಳ ಬಿಲ್ 9 ಲಕ್ಷ ರೂಪಾಯಿ. ಅಂಕಿ ಎಲ್ಲ ಉದಾಹರಣೆಗೆ ಹಾಕಿಕೊಂಡದ್ದು. ಒಪ್ಪಂದ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಇರುತ್ತದೆ, ಇಲ್ಲಿ ಅದರ ಮಾತನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ. ಕ್ರಮ ಯಾವ ಭಾಷೆಯಲ್ಲಾದರೂ ಇದೇ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಸಹಿ ಆದ ಒಪ್ಪಂದದ ಪೂರ್ತಿ ಪ್ರತಿ ಬೇಕು, ಅನುಬಂಧಗಳೂ ಸೇರಿ. ಬರೀ ಇಂಡೆಮ್ನಿಟಿ ಪುಟ ಸಾಲದು. ವೆಂಡರ್‌ನ ವಿಮಾ ಪಾಲಿಸಿಯ ಪ್ರತಿ ಬೇಕು. ಸರ್ಟಿಫಿಕೇಟ್ ಒಂದು ಪುಟದ್ದು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ, ಪೂರ್ತಿ ಪಾಲಿಸಿಯನ್ನೇ ಕೇಳಿ. ಕಳೆದ ಎರಡು ಮೂರು ವರ್ಷದಲ್ಲಿ ಕ್ಯಾಂಟೀನ್‌ನಲ್ಲಿ ಏನೇನು ಎಡವಟ್ಟು ಆಗಿದೆ ಅನ್ನುವ ದಾಖಲೆ ಇದ್ದರೆ ತನ್ನಿ, ಇಲ್ಲದಿದ್ದರೆ ಕ್ಯಾಂಟೀನ್ ನೋಡಿಕೊಳ್ಳುವ ಸೂಪರ್‌ವೈಸರ್ ಜೊತೆ ಅರ್ಧ ಗಂಟೆ ಕೂತು ಕೇಳಿ. ಆ ಅರ್ಧ ಗಂಟೆಯಲ್ಲಿ ಸಿಗುವುದು ಯಾವ ಮಾದರಿ ಒಪ್ಪಂದದಲ್ಲೂ ಸಿಗುವುದಿಲ್ಲ. ಬರೆಯಲು ಒಂದು ಎಕ್ಸೆಲ್ ಶೀಟ್, ಗುರುತು ಹಾಕಲು ಒಪ್ಪಂದದ ಪ್ರಿಂಟ್ ಮತ್ತು ಎರಡು ಬಣ್ಣದ ಪೆನ್ನು ಸಾಕು.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಕೊನೆಯ ಕರಡನ್ನು ನಿಮ್ಮ ವಕೀಲರು ನೋಡಲೇಬೇಕು. ಆದರೆ ಮೊದಲ ನಾಲ್ಕು ಹಂತ ನೀವೇ ಮಾಡಬೇಕು, ಯಾಕೆಂದರೆ ಸಂಪು ಯಾರು ತೊಳೆಸುತ್ತಾರೆ ಅನ್ನುವುದು ವಕೀಲರಿಗೆ ಗೊತ್ತಿರುವುದಿಲ್ಲ.

## ಹಂತ 1: ನಷ್ಟದ ಮಾತು ಎಲ್ಲೆಲ್ಲಿ ಅಡಗಿದೆ ಅಂತ ಹುಡುಕಿ

ಇಂಡೆಮ್ನಿಟಿ ಅನ್ನುವ ತಲೆಬರಹದ ಕೆಳಗೆ ಮಾತ್ರ ಓದಿದರೆ ಅರ್ಧ ಚಿತ್ರವೇ ಸಿಗುವುದು. ಯಾರು ಎಷ್ಟು ಕೊಡಬೇಕು ಅನ್ನುವುದನ್ನು ಬದಲಿಸುವ ಸಾಲುಗಳು ಒಪ್ಪಂದದ ಉದ್ದಕ್ಕೂ ಹರಡಿರುತ್ತವೆ. ಪ್ರಿಂಟ್ ತೆಗೆದುಕೊಂಡು ಮೊದಲ ಪುಟದಿಂದ ಓದುತ್ತಾ, ದುಡ್ಡು ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗುವ ಪ್ರತಿ ಸಾಲಿಗೂ ಗುರುತು ಹಾಕಿ.

ನಮ್ಮ ಉದಾಹರಣೆಯಲ್ಲಿ ಐದು ಕಡೆ ಸಿಕ್ಕಿತು ಅಂದುಕೊಳ್ಳಿ. ವ್ಯಾಖ್ಯೆಗಳ ಪುಟದಲ್ಲಿ "ನಷ್ಟ" ಅಂದರೆ ಏನು ಅನ್ನುವ ವಿವರ. 14ನೇ ಷರತ್ತು ಇಂಡೆಮ್ನಿಟಿ. 15ನೆಯದು ವಿಮೆ. 17ನೆಯದು ಹೊಣೆಯ ಮಿತಿ: ಯಾವ ಪಕ್ಷವೂ ಪರೋಕ್ಷ ನಷ್ಟಕ್ಕೆ ಹೊಣೆಯಲ್ಲ, ಒಟ್ಟು ಹೊಣೆ ಹಿಂದಿನ ಮೂರು ತಿಂಗಳ ಬಿಲ್ಲಿಗಿಂತ ಜಾಸ್ತಿ ಆಗಬಾರದು. ಅನುಬಂಧದಲ್ಲಿ ಊಟ ತಡವಾದರೆ ದಂಡ.

ಇಲ್ಲಿ ಎಚ್ಚರದ ಗುರುತು ಒಂದಿದೆ. 14ನೇ ಷರತ್ತು "ಎಲ್ಲ ನಷ್ಟ" ಅನ್ನುತ್ತದೆ, 17ನೆಯದು "ಪರೋಕ್ಷ ನಷ್ಟ ಇಲ್ಲ, ಮಿತಿ 27 ಲಕ್ಷ" ಅನ್ನುತ್ತದೆ. ಎರಡರಲ್ಲಿ ಯಾವುದು ಮೇಲು ಅಂತ ಎಲ್ಲೂ ಬರೆದಿಲ್ಲ. ಇಂಥ ಜೋಡಿ ಕಂಡರೆ ಕೆಂಪು ಪೆನ್ನಿನಲ್ಲಿ ಎರಡನ್ನೂ ಗೆರೆ ಎಳೆದು ಜೋಡಿಸಿ. ಜಗಳ ಹುಟ್ಟುವುದು ಆ ಗೆರೆ ಮೇಲೆ.

## ಹಂತ 2: ಹಳೆಯ ವಾಕ್ಯವನ್ನು ಬಿಚ್ಚಿ

ಹಳೆಯ 14ನೇ ಷರತ್ತು ಹೀಗಿದೆ:

"ಈ ಒಪ್ಪಂದದಿಂದ ಅಥವಾ ಅದಕ್ಕೆ ಸಂಬಂಧಿಸಿ ಉಂಟಾಗುವ ಎಲ್ಲ ನಷ್ಟ, ಹಾನಿ, ಹೊಣೆ, ಕ್ಲೇಮು, ದಂಡ, ವೆಚ್ಚ ಮತ್ತು ವಕೀಲರ ಶುಲ್ಕದಿಂದ ಕಂಪನಿಯನ್ನು, ಅದರ ಅಂಗಸಂಸ್ಥೆಗಳನ್ನು, ನಿರ್ದೇಶಕರನ್ನು ಮತ್ತು ನೌಕರರನ್ನು ವೆಂಡರ್ ರಕ್ಷಿಸತಕ್ಕದ್ದು, ಅವರ ಪರವಾಗಿ ಪ್ರತಿವಾದ ಮಾಡತಕ್ಕದ್ದು ಮತ್ತು ಅವರ ನಷ್ಟ ತುಂಬಿಕೊಡತಕ್ಕದ್ದು."

ಇದಕ್ಕೆ ಐದು ಪ್ರಶ್ನೆ ಕೇಳಿ. ಯಾರು ಕೊಡಬೇಕು? ಯಾರಿಗೆ? ಏನು ನಡೆದರೆ? ಯಾವ ಬಗೆಯ ಖರ್ಚು? ಕೊಡುವುದರ ಜೊತೆಗೆ ಇನ್ನೇನು ಮಾಡಬೇಕು? ಎಕ್ಸೆಲ್‌ನಲ್ಲಿ ಐದು ಕಾಲಂ ಮಾಡಿ, ವಾಕ್ಯದ ಪ್ರತಿ ಪದವನ್ನೂ ಒಂದಲ್ಲ ಒಂದು ಕಾಲಂಗೆ ಹಾಕಿ. ಯಾವ ಪದವೂ ಹೊರಗೆ ಉಳಿಯಬಾರದು.

ಹೀಗೆ ಮಾಡಿದಾಗ ಮೂರನೇ ಕಾಲಂ ಹೆಚ್ಚು ಕಡಿಮೆ ಖಾಲಿ ಅಂತ ಕಾಣುತ್ತದೆ. ಏನು ನಡೆದರೆ ಅನ್ನುವುದಕ್ಕೆ ಇರುವ ಉತ್ತರ "ಒಪ್ಪಂದಕ್ಕೆ ಸಂಬಂಧಿಸಿ" ಅಂತ ಮಾತ್ರ. ಕಂಪನಿಯ ಸಂಪಿನಲ್ಲಿ ಹೊಲಸು ನೀರು ಸೇರಿ ಜನ ಕಾಯಿಲೆ ಬಿದ್ದರೂ ಅದು ಒಪ್ಪಂದಕ್ಕೆ ಸಂಬಂಧಿಸಿದ್ದೇ ಅಲ್ವಾ? ಹಾಗಾದರೆ ಅದನ್ನೂ ವೆಂಡರ್ ಕೊಡಬೇಕೇ? ಮ್ಯಾನೇಜರ್‌ಗೆ ಅರ್ಥವಾಗದೆ ಇರುವುದಕ್ಕೆ ಕಾರಣ ಭಾಷೆಯ ಕಷ್ಟವೊಂದೇ ಅಲ್ಲ. ಘಟನೆಯೇ ಅಲ್ಲಿ ಇಲ್ಲ.

ಐದನೇ ಕಾಲಂನಲ್ಲಿ ಒಂದು ಸೂಕ್ಷ್ಮ ಇದೆ, ಅದರಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. "ಪ್ರತಿವಾದ ಮಾಡತಕ್ಕದ್ದು" ಅನ್ನುವುದು "ನಷ್ಟ ತುಂಬಿಕೊಡು" ಅನ್ನುವುದರ ಇನ್ನೊಂದು ರೂಪ, ಸುಮ್ನೆ ಎರಡು ಸಲ ಬರೆದಿದ್ದಾರೆ ಅಂದುಕೊಂಡು ಒಂದು ಕರಡಿನಲ್ಲಿ ಅದನ್ನು ಅಳಿಸಿಬಿಟ್ಟೆ. ಮುಂದೆ ಹೊರಗಿನವರೊಬ್ಬರು ಕೇಸು ಹಾಕಿದರು. ವೆಂಡರ್ ಹೇಳಿದ್ದು ಇಷ್ಟೇ: ನೀವು ಸೋತರೆ ದುಡ್ಡು ಕೊಡುತ್ತೇನೆ, ವಕೀಲರನ್ನು ಇಡುವುದು, ಕೇಸು ನಡೆಸುವುದು ನನ್ನ ಕೆಲಸ ಅಂತ ಎಲ್ಲಿದೆ? ಅವನ ಮಾತು ಸರಿ ಇತ್ತು. ಕೇಸು ಮುಗಿಯುವವರೆಗೆ ಪ್ರತಿ ವಾಯಿದೆಗೂ ಖರ್ಚು ನಮ್ಮ ಕಡೆಯಿಂದಲೇ ಹೋಯಿತು, ವಸೂಲಿ ಆಮೇಲೆ. ಪ್ರತಿವಾದ ಮಾಡುವುದು ಒಂದು ಕೆಲಸ, ದುಡ್ಡು ತುಂಬುವುದು ಇನ್ನೊಂದು. ಒಂದೇ ಥರ ಕೇಳಿಸುವ ಎರಡು ಪದ ಕಂಡರೆ, ಎರಡೂ ಒಂದೇ ಅಂತ ವಕೀಲರು ಬರೆದು ಕೊಡುವವರೆಗೂ ಅಳಿಸಬೇಡಿ.

## ಹಂತ 3: ಘಟನೆಗಳ ಪಟ್ಟಿ ಮಾಡಿ

ಈಗ ಒಪ್ಪಂದವನ್ನು ಬದಿಗಿಡಿ. ಅಡುಗೆಮನೆಗೆ ಹೋಗಿ ನಿಂತುಕೊಳ್ಳಿ. ಇಲ್ಲಿ ಏನು ಕೆಡಬಹುದು? ಕಾನೂನಿನ ಪದ ಬೇಡ. "ನಿರ್ಲಕ್ಷ್ಯ", "ಉಲ್ಲಂಘನೆ" ಅಂತೆಲ್ಲ ಬರೆಯದೆ, ನಡೆಯುವುದನ್ನು ನಡೆದ ಹಾಗೆ ಬರೆಯಿರಿ. ಐದಾರು ಸಾಕು. ಇಪ್ಪತ್ತು ಬರೆದರೆ ಯಾರೂ ಓದುವುದಿಲ್ಲ.

ನಮ್ಮ ಫ್ಯಾಕ್ಟರಿಗೆ ಬಂದದ್ದು ಇಷ್ಟು:

1. ಮಧ್ಯಾಹ್ನದ ಊಟ ತಿಂದು ಕೆಲಸಗಾರರಿಗೆ ವಾಂತಿ ಭೇದಿ.
2. ವೆಂಡರ್ ತನ್ನ ಅಡುಗೆಯವರ ಪಿಎಫ್ ಕಟ್ಟಲಿಲ್ಲ, ನೋಟಿಸ್ ಕಂಪನಿಗೆ ಬಂತು.
3. ಅಡುಗೆಯವನ ಮೇಲೆ ಬಿಸಿ ಎಣ್ಣೆ ಬಿದ್ದು ಸುಟ್ಟ ಗಾಯ.
4. ಗ್ಯಾಸ್ ಸೋರಿ ಬೆಂಕಿ, ಪಕ್ಕದ ಗೋದಾಮಿನಲ್ಲಿದ್ದ ಬಟ್ಟೆ ಸುಟ್ಟಿತು.
5. ವೆಂಡರ್‌ನ ಆಹಾರ ಲೈಸೆನ್ಸ್ ಅವಧಿ ಮುಗಿದಿತ್ತು, ತಪಾಸಣೆಯಲ್ಲಿ ದಂಡ ಬಿತ್ತು.

ಆಮೇಲೆ ಒಂದೊಂದು ಘಟನೆಗೂ ಖರ್ಚನ್ನು ಬಿಡಿಸಿ. ಎಲ್ಲರೂ ಅವಸರ ಮಾಡುವ ಜಾಗ ಇದು, ಹಾಗಾಗಿ ಮೊದಲನೆಯದನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. ನಲವತ್ತು ಜನ ಕಾಯಿಲೆ ಬಿದ್ದರು. ಹತ್ತಿರದ ಆಸ್ಪತ್ರೆಗೆ ಸೇರಿಸಿದ ಬಿಲ್ 6 ಲಕ್ಷ. ಇಬ್ಬರು ಪರಿಹಾರ ಕೇಳಿ ನೋಟಿಸ್ ಕೊಟ್ಟರು, ರಾಜಿ ಆದದ್ದು 3 ಲಕ್ಷಕ್ಕೆ. ವಕೀಲರ ಖರ್ಚು ಒಂದೂವರೆ ಲಕ್ಷ. ಒಂದು ದಿನ ಉತ್ಪಾದನೆಯ ಲೈನ್ ನಿಂತಿತು, ಅದರ ನಷ್ಟ 12 ಲಕ್ಷ. ಲೈನ್ ನಿಂತದ್ದರಿಂದ ಆರ್ಡರ್ ತಡವಾಗಿ, ಹಡಗಿನಲ್ಲಿ ಹೋಗಬೇಕಿದ್ದ ಮಾಲನ್ನು ವಿಮಾನದಲ್ಲಿ ಕಳಿಸಬೇಕಾಯಿತು, ಹೆಚ್ಚುವರಿ 5 ಲಕ್ಷ. ಒಟ್ಟು ಇಪ್ಪತ್ತೇಳೂವರೆ ಲಕ್ಷ.

ಹಳೆಯ ಒಪ್ಪಂದ ಓದಿದ ಮ್ಯಾನೇಜರ್ "ಎಲ್ಲ ನಷ್ಟ ಅಂತ ಇದೆ, ಮಿತಿ 27 ಲಕ್ಷ, ಹಾಗಾದರೆ ಬಹುತೇಕ ಎಲ್ಲ ಬರುತ್ತದೆ" ಅಂದುಕೊಳ್ಳುತ್ತಾರೆ. ವೆಂಡರ್ 17ನೇ ಷರತ್ತು ತೋರಿಸಿ "ಲೈನ್ ನಿಂತದ್ದು, ವಿಮಾನದ ಬಾಡಿಗೆ ಎರಡೂ ಪರೋಕ್ಷ, ನಾನು ಕೊಡುವುದು ಹತ್ತೂವರೆ ಲಕ್ಷ" ಅನ್ನುತ್ತಾನೆ. ಒಂದೇ ಕಾಗದ, ನಡುವೆ ಹದಿನೇಳು ಲಕ್ಷದ ಹತ್ತಿರ ಅಂತರ. ಆ ಅಂತರವನ್ನು ಮುಚ್ಚುವುದೇ ನಿಮ್ಮ ಕೆಲಸ.

## ಹಂತ 4: ಪ್ರತಿ ಖರ್ಚಿನ ಮುಂದೆ ಒಂದು ಹೆಸರು ಬರೆಸಿ

ಬರೆಯಿರಿ ಅನ್ನದೆ ಬರೆಸಿ ಅಂದದ್ದಕ್ಕೆ ಕಾರಣ ಇದೆ. ಹಳೆಯ ಒಪ್ಪಂದ ಸ್ಪಷ್ಟವಾಗಿ ಹೇಳಿದ್ದನ್ನು ನೀವು ತುಂಬಬಹುದು. ಅದು ಸುಮ್ಮನಿರುವ ಕಡೆ, ಅಥವಾ ಎರಡು ಷರತ್ತು ಜಗಳವಾಡುವ ಕಡೆ, ನಿಮಗೆ ನ್ಯಾಯ ಅನ್ನಿಸಿದ್ದನ್ನು ತುಂಬಬೇಡಿ. ಶೀಟ್‌ನ ಆ ಸೆಲ್‌ಗೆ ಹಳದಿ ಬಣ್ಣ ಹಾಕಿ ಖಾಲಿ ಬಿಡಿ. ಭಾಷೆ ಸರಳ ಮಾಡುವ ಹೆಸರಿನಲ್ಲಿ ಹೊಸ ಹೊಣೆ ಹೊರಿಸಿದರೆ ವೆಂಡರ್‌ನ ವಕೀಲರು ಮೊದಲ ಓದಿನಲ್ಲೇ ಹಿಡಿಯುತ್ತಾರೆ, ಆಮೇಲೆ ನೀವು ಬದಲಿಸಿದ ಪ್ರತಿ ಅಲ್ಪವಿರಾಮವನ್ನೂ ಅನುಮಾನದಿಂದ ನೋಡುತ್ತಾರೆ.

ಹಳದಿ ಸೆಲ್‌ಗಳನ್ನು ಇಟ್ಟುಕೊಂಡು ಎರಡೂ ಕಡೆಯವರನ್ನು ಕೂರಿಸಿ. ಕೇಳಬೇಕಾದ ಪ್ರಶ್ನೆ ಎರಡು. ಇದನ್ನು ತಡೆಯುವುದು ಯಾರ ಕೈಯಲ್ಲಿತ್ತು? ಇದಕ್ಕೆ ವಿಮೆ ಯಾರಲ್ಲಿದೆ, ಅಥವಾ ಯಾರು ಕಡಿಮೆ ದುಡ್ಡಿಗೆ ಮಾಡಿಸಬಹುದು?

ಮೊದಲ ಘಟನೆಗೆ ಉತ್ತರ ಹೀಗೆ ಬಂತು ಅಂದುಕೊಳ್ಳಿ. ದಿನಸಿ, ಅಡುಗೆ, ಬಡಿಸುವವರ ಕೈ ಶುಚಿ ಎಲ್ಲ ವೆಂಡರ್ ಕೈಯಲ್ಲಿ. ಸಂಪಿನ ನೀರು ಕಂಪನಿ ಕೈಯಲ್ಲಿ. ಹಾಗಾದರೆ ಕಾಯಿಲೆಗೆ ಕಾರಣ ಊಟವಾದರೆ ಆಸ್ಪತ್ರೆ, ಪರಿಹಾರ, ವಕೀಲರ ಖರ್ಚು ವೆಂಡರ್‌ನದು. ಕಾರಣ ಸಂಪಿನ ನೀರಾದರೆ ಕಂಪನಿಯದು. ಲೈನ್ ನಿಂತ ನಷ್ಟ? ತಿಂಗಳಿಗೆ 9 ಲಕ್ಷ ಬಿಲ್ ಮಾಡುವ ವೆಂಡರ್, ಒಂದು ದಿನಕ್ಕೆ 12 ಲಕ್ಷದ ನಷ್ಟ ಹೊರುತ್ತೇನೆ ಅಂತ ಸಹಿ ಹಾಕುವುದಿಲ್ಲ, ಹಾಕಿದರೂ ಕೊಡಲು ಅವನ ಹತ್ತಿರ ಇರುವುದಿಲ್ಲ. ಅದು ಕಂಪನಿಯದು ಅಂತ ಒಪ್ಪಿಕೊಂಡು ಕಂಪನಿ ತನ್ನ ವಿಮೆಯಲ್ಲಿ ದಾರಿ ಇದೆಯೇ ನೋಡಿಕೊಳ್ಳುವುದು ಲೇಸು. ವಿಮಾನದ ಬಾಡಿಗೆಗೂ ಅದೇ.

ಪಿಎಫ್ ವಿಷಯ ಬೇರೆ ಥರ. ಗುತ್ತಿಗೆದಾರ ತನ್ನ ಕೆಲಸಗಾರರ ಪಿಎಫ್ ಕಟ್ಟದಿದ್ದರೆ ಕಾನೂನು ಮುಖ್ಯ ಮಾಲೀಕರನ್ನು, ಅಂದರೆ ನಿಮ್ಮ ಕಂಪನಿಯನ್ನು ಹಿಡಿಯುತ್ತದೆ. ಕಂಪನಿ ಕಟ್ಟಿ ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಒಪ್ಪಂದದಲ್ಲಿ ವೆಂಡರ್ ಹೊಣೆ ಅಂತ ಬರೆದ ಮಾತ್ರಕ್ಕೆ ಪಿಎಫ್ ಕಚೇರಿ ನಿಮ್ಮನ್ನು ಬಿಡುವುದಿಲ್ಲ. ಆದ್ದರಿಂದ ಶೀಟ್‌ನಲ್ಲಿ ಎರಡು ಕಾಲಂ ಮಾಡಿ: ಹೊರಗಿನವರಿಗೆ ಮೊದಲು ಯಾರು ಕಟ್ಟುತ್ತಾರೆ, ಕೊನೆಗೆ ಯಾರ ಜೇಬಿನಿಂದ ಹೋಗುತ್ತದೆ. ಈ ಎರಡು ಬೇರೆ ಅನ್ನುವುದು ಗೊತ್ತಿಲ್ಲದೆ ಎಷ್ಟೋ ಮ್ಯಾನೇಜರ್‌ಗಳು "ವೆಂಡರ್ ನೋಡಿಕೊಳ್ಳುತ್ತಾನೆ" ಅಂತ ನೋಟಿಸನ್ನು ಡ್ರಾಯರ್‌ನಲ್ಲಿ ಇಟ್ಟುಬಿಡುತ್ತಾರೆ. ಅಡುಗೆಯವನಿಗೆ ಸುಟ್ಟ ಗಾಯವಾದಾಗಲೂ ಈ ಎರಡು ಕಾಲಂ ತುಂಬಲೇಬೇಕು.

ದಂಡದ ವಿಷಯದಲ್ಲಿ ಒಂದು ಮಿತಿ. ವೆಂಡರ್ ತಪ್ಪಿನಿಂದ ಬಿದ್ದ ದಂಡ ವೆಂಡರ್ ಕೊಡಲಿ, ಸರಿ. ಕಂಪನಿ ತಾನೇ ತಿಳಿದೂ ತಿಳಿದೂ ಮಾಡಿದ ತಪ್ಪಿನ ದಂಡವನ್ನು ಇನ್ನೊಬ್ಬರ ತಲೆಗೆ ಕಟ್ಟುವ ಮಾತು ಬರೆದರೆ ಅದು ಕೋರ್ಟಿನಲ್ಲಿ ನಿಲ್ಲದೆ ಹೋಗಬಹುದು. ಕರಾರು ಕಾಯ್ದೆಯ 23ನೇ ಕಲಮು ಸಾರ್ವಜನಿಕ ನೀತಿಗೆ ವಿರುದ್ಧವಾದ ಉದ್ದೇಶಕ್ಕೆ ಅಡ್ಡ ಬರುತ್ತದೆ. ಈ ಸಾಲನ್ನು ವಕೀಲರಿಗೇ ಬಿಡಿ.

## ಹಂತ 5: ವಿಮೆ ಮತ್ತು ಮಿತಿಯನ್ನು ಒಂದಕ್ಕೊಂದು ತಾಳೆ ನೋಡಿ

ವೆಂಡರ್ ಕೊಡುತ್ತೇನೆ ಅಂದದ್ದು ಅವನ ಜೇಬು ಇರುವಷ್ಟೇ. ಪಾಲಿಸಿ ತೆರೆದು ಮೂರು ವಿಷಯ ನೋಡಿ: ಒಂದು ಘಟನೆಗೆ ಎಷ್ಟು, ಆಹಾರದಿಂದ ಬಂದ ಕಾಯಿಲೆ ಸೇರಿದೆಯೇ, ಮತ್ತು ಬರೀ ಒಪ್ಪಂದದಲ್ಲಿ ಒಪ್ಪಿಕೊಂಡದ್ದಕ್ಕೆ ಹುಟ್ಟಿದ ಹೊಣೆಯನ್ನು ಹೊರಗಿಟ್ಟಿದ್ದಾರೆಯೇ. ಮೂರನೆಯದು ಬಹಳ ಪಾಲಿಸಿಗಳಲ್ಲಿ ಇರುತ್ತದೆ, ಜನ ಓದುವುದೇ ಇಲ್ಲ. ಕಾನೂನಿನ ಪ್ರಕಾರ ವೆಂಡರ್ ಮೇಲೆ ಬರದ ಹೊಣೆಯನ್ನು ನೀವು ಒಪ್ಪಂದದಲ್ಲಿ ಅವನ ಮೇಲೆ ಹೊರಿಸಿದರೆ ವಿಮಾ ಕಂಪನಿ ಅದನ್ನು ಕೊಡದೆ ಇರಬಹುದು. ಆಗ ಕಾಗದದಲ್ಲಿ ಇಂಡೆಮ್ನಿಟಿ ದೊಡ್ಡದು, ಕೈಗೆ ಬರುವುದು ಏನೂ ಇಲ್ಲ.

ನಮ್ಮ ವೆಂಡರ್ ಪಾಲಿಸಿ ಒಂದು ಘಟನೆಗೆ 25 ಲಕ್ಷ ಅಂದುಕೊಳ್ಳಿ, ಆಹಾರದ ಕಾಯಿಲೆ ಸೇರಿದೆ. ಊಟ ಮತ್ತು ಬೆಂಕಿಗೆ ಮಿತಿ 25 ಲಕ್ಷ ಅಂತ ಇಡಬಹುದು. ಪಿಎಫ್ ಬಾಕಿ ಮತ್ತು ಲೈಸೆನ್ಸ್ ದಂಡಕ್ಕೆ ಮಿತಿ ಬೇಡ. ಅದು ವೆಂಡರ್ ಹೇಗೂ ಕಟ್ಟಲೇಬೇಕಾದ ದುಡ್ಡು, ಅದಕ್ಕೆ ಮಿತಿ ಕೇಳುವುದು ನ್ಯಾಯವೂ ಅಲ್ಲ.

"ಪರೋಕ್ಷ ನಷ್ಟ" ಅನ್ನುವ ಪದವನ್ನು ಮ್ಯಾನೇಜರ್ ಓದುವ ಪ್ರತಿಯಲ್ಲಿ ಇಡಬೇಡಿ. ಕರಾರು ಉಲ್ಲಂಘನೆಗೆ ಸಿಗುವ ಪರಿಹಾರದಲ್ಲಿ ದೂರದ, ಪರೋಕ್ಷ ನಷ್ಟ ಸೇರುವುದಿಲ್ಲ ಅಂತ 1872ರ ಕರಾರು ಕಾಯ್ದೆಯ 73ನೇ ಕಲಮು ಹೇಳುತ್ತದೆ, ಆದರೆ ಲೈನ್ ನಿಂತದ್ದು ಪರೋಕ್ಷವೋ ನೇರವೋ ಅನ್ನುವುದನ್ನು ಆ ಪದ ಹೇಳುವುದಿಲ್ಲ. ಆ ವಾದವೇ ಬೇಡ ಅನ್ನುವುದಾದರೆ ಹೆಸರು ಹಿಡಿದು ಬರೆಯಿರಿ: ಲೈನ್ ನಿಂತ ನಷ್ಟ, ವಿಮಾನದ ಬಾಡಿಗೆ, ತಪ್ಪಿಹೋದ ಆರ್ಡರ್.

## ಹಂತ 6: ಈಗ ವಾಕ್ಯ ಬರೆಯಿರಿ

ಪ್ರತಿ ಘಟನೆಗೂ ಅದರದೇ ಉಪಷರತ್ತುಗಳು. ಮೊದಲು ಏನಾದರೆ, ಆಮೇಲೆ ಯಾರು, ಆಮೇಲೆ ಯಾವ ಖರ್ಚು. ಪ್ರತಿ ವಾಕ್ಯದಲ್ಲೂ ಕೊಡುವವರ ಹೆಸರು ಇರಬೇಕು, "ಭರಿಸಲಾಗುವುದು" ಅಂತ ಬರೆದರೆ ಯಾರು ಅನ್ನುವುದು ಮತ್ತೆ ಮಾಯವಾಗುತ್ತದೆ. ವ್ಯಾಖ್ಯೆಯ ಪುಟದಲ್ಲಿ ಬೇರೆ ಅರ್ಥ ಇರುವ "ನಷ್ಟ" ಪದವನ್ನು ಬಳಸುವುದಾದರೆ ಆ ಅರ್ಥವನ್ನು ಇಲ್ಲೇ ತನ್ನಿ.

ಮೊದಲ ಘಟನೆಯ ಹೊಸ ರೂಪ:

"14.1 ವೆಂಡರ್ ಬಡಿಸಿದ ಊಟದಿಂದ ಯಾರಿಗಾದರೂ ಕಾಯಿಲೆ ಆದರೆ ವೆಂಡರ್ ಇವುಗಳನ್ನು ಕೊಡಬೇಕು: (ಅ) ಚಿಕಿತ್ಸೆಯ ಖರ್ಚು, (ಆ) ಕಾಯಿಲೆಯಾದವರಿಗೆ ಕೋರ್ಟಿನ ಆದೇಶದಂತೆ ಅಥವಾ 14.7ರ ಪ್ರಕಾರ ಆದ ರಾಜಿಯಂತೆ ಸಲ್ಲಬೇಕಾದ ಪರಿಹಾರ, (ಇ) ಕಂಪನಿಗೆ ತಗಲಿದ ನ್ಯಾಯವಾದ ವಕೀಲರ ಖರ್ಚು. ಒಂದು ಘಟನೆಗೆ ಒಟ್ಟು ಮಿತಿ 25 ಲಕ್ಷ ರೂಪಾಯಿ.

14.2 ಕಾಯಿಲೆಗೆ ಕಾರಣ ಕಂಪನಿ ಒದಗಿಸಿದ ನೀರು ಎಂದು ಪರೀಕ್ಷೆಯಲ್ಲಿ ಗೊತ್ತಾದರೆ ಅದೇ ಖರ್ಚುಗಳನ್ನು ಕಂಪನಿ ಕೊಡಬೇಕು. ಕಾರಣ ಎರಡೂ ಆಗಿದ್ದರೆ ಪರೀಕ್ಷಾ ವರದಿಯ ಆಧಾರದ ಮೇಲೆ ತಪ್ಪಿನ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು.

14.3 ಕಾಯಿಲೆಯಿಂದ ಉತ್ಪಾದನೆ ನಿಂತ ನಷ್ಟ, ಮಾಲನ್ನು ವಿಮಾನದಲ್ಲಿ ಕಳಿಸಿದ ಹೆಚ್ಚುವರಿ ಬಾಡಿಗೆ ಮತ್ತು ತಪ್ಪಿದ ಆರ್ಡರ್‌ನ ನಷ್ಟವನ್ನು ಕಂಪನಿಯೇ ಹೊರಬೇಕು."

14.2 ಬರೆದ ಕೂಡಲೇ ಒಂದು ಪ್ರಶ್ನೆ ಏಳುತ್ತದೆ: ಪರೀಕ್ಷೆ ಯಾವುದನ್ನು? ಊಟ ಮುಗಿದು ಪಾತ್ರೆ ತೊಳೆದ ಮೇಲೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಪ್ರತಿ ಹೊತ್ತಿನ ಊಟದ ಮಾದರಿಯನ್ನು 72 ಗಂಟೆ ಫ್ರಿಜ್‌ನಲ್ಲಿ ಇಡಬೇಕು, ದೂರು ಬಂದ ದಿನವೇ ಊಟ, ನೀರು ಎರಡರ ಮಾದರಿಯನ್ನೂ ಇಬ್ಬರ ಎದುರಿಗೆ ಮೊಹರು ಮಾಡಿ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಬೇಕು ಅಂತ ಸೇರಿಸಿ. ವೆಂಡರ್ ಮಾದರಿ ಇಡದಿದ್ದರೆ ಕಾರಣ ಊಟವೇ ಎಂದು ಹಿಡಿಯಲಾಗುವುದು ಅನ್ನುವ ಸಾಲು ಹಾಕಬೇಕೇ ಅನ್ನುವುದು ಮಾತುಕತೆಯ ವಿಷಯ, ಆದರೆ ನಾನಂತೂ ಕೇಳುತ್ತೇನೆ. ತಪ್ಪಿನ ಮೇಲೆ ಹಂಚುವ ಯಾವ ಷರತ್ತೇ ಇರಲಿ, ತಪ್ಪನ್ನು ತಿಳಿಯುವ ದಾರಿ ಜೊತೆಗಿಲ್ಲದಿದ್ದರೆ ಅದು ಕೆಲಸಕ್ಕೆ ಬಾರದು.

ಉಳಿದ ನಾಲ್ಕೂ ಇದೇ ಅಚ್ಚಿನಲ್ಲಿ ಬರುತ್ತವೆ. ಬೆಂಕಿಗೆ ಮಾತ್ರ ಪೈಪ್‌ನಿಂದ ಸೋರಿದ್ದೋ, ಒಲೆ ಆರಿಸದೆ ಬಿಟ್ಟದ್ದೋ ಅನ್ನುವ ವಿಂಗಡಣೆ ಬೇಕು. ಕೊನೆಯಲ್ಲಿ 17ನೇ ಷರತ್ತಿಗೆ ಒಂದು ಸಾಲು ಸೇರಿಸಿ: "14ನೇ ಷರತ್ತಿನಲ್ಲಿ ಹೇಳಿದ ಘಟನೆಗಳಿಗೆ 14ರಲ್ಲಿರುವ ಮಿತಿ ಮತ್ತು ಹಂಚಿಕೆಯೇ ಅನ್ವಯಿಸುತ್ತದೆ, 17ರದು ಅಲ್ಲ." ಹಂತ 1ರಲ್ಲಿ ಎಳೆದ ಕೆಂಪು ಗೆರೆ ಇಲ್ಲಿ ಅಳಿಯುತ್ತದೆ.

## ಹಂತ 7: ಕ್ಲೇಮು ಬಂದ ದಿನ ಯಾರು ಏನು ಮಾಡಬೇಕು

ಮ್ಯಾನೇಜರ್‌ಗೆ ನಿಜವಾಗಿ ಬೇಕಾಗುವುದು ಈ ಭಾಗ, ಬಹಳ ಕರಡುಗಳಲ್ಲಿ ಇದೇ ಇರುವುದಿಲ್ಲ. ನಾಲ್ಕು ವಿಷಯ ಬರೆಯಿರಿ. ನೋಟಿಸ್ ಬಂದ ಎಷ್ಟು ದಿನದಲ್ಲಿ ವೆಂಡರ್‌ಗೆ ತಿಳಿಸಬೇಕು (7 ದಿನ ಅಂತ ಇಡಬಹುದು), ಇಮೇಲ್ ಸಾಕೇ, ಯಾವ ವಿಳಾಸಕ್ಕೆ. ವಕೀಲರನ್ನು ಯಾರು ಇಡುತ್ತಾರೆ. ರಾಜಿಗೆ ಯಾರ ಒಪ್ಪಿಗೆ ಬೇಕು. ದುಡ್ಡು ಯಾವಾಗ ಕೊಡಬೇಕು.

ರಾಜಿಯ ವಿಷಯದಲ್ಲಿ ಜನ ಕೈ ಸುಟ್ಟುಕೊಳ್ಳುತ್ತಾರೆ. ಕರಾರು ಕಾಯ್ದೆಯ 125ನೇ ಕಲಮಿನ ಪ್ರಕಾರ ಇಂಡೆಮ್ನಿಟಿ ಪಡೆದವರು ರಾಜಿಯಲ್ಲಿ ಕೊಟ್ಟ ದುಡ್ಡನ್ನೂ ಕೇಳಬಹುದು, ಆದರೆ ಆ ರಾಜಿ ಇಂಡೆಮ್ನಿಟಿ ಕೊಟ್ಟವರ ಆದೇಶಕ್ಕೆ ವಿರುದ್ಧವಾಗಿರಬಾರದು, ಮತ್ತು ಯಾರ ರಕ್ಷಣೆಯೂ ಇಲ್ಲದಿದ್ದರೂ ವಿವೇಕಿಯೊಬ್ಬ ಮಾಡಿಕೊಳ್ಳುವಂಥದ್ದಾಗಿರಬೇಕು, ಇಲ್ಲವೇ ಅವರೇ ಒಪ್ಪಿಗೆ ಕೊಟ್ಟಿರಬೇಕು. ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದಲೇ, ಗಲಾಟೆ ಬೇಡ ಅಂತ ಮೂರು ಲಕ್ಷ ಕೊಟ್ಟು ಮುಗಿಸಿದರೆ, "ನನ್ನನ್ನು ಯಾಕೆ ಕೇಳಲಿಲ್ಲ" ಅಂತ ವೆಂಡರ್ ಎಳೆದಾಡಬಹುದು. ಹಾಗಾಗಿ ಬಿಡಿಸಿ ಬರೆಯಿರಿ: "14.7 ಬರಹದಲ್ಲಿ ಕೊಟ್ಟ ಒಪ್ಪಿಗೆ ಇಲ್ಲದೆ ಯಾರೂ ಇನ್ನೊಬ್ಬರ ದುಡ್ಡಿನಲ್ಲಿ ರಾಜಿ ಮಾಡಿಕೊಳ್ಳಬಾರದು. ಕೇಳಿದ 10 ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಂತೆ."

ದುಡ್ಡು ಯಾವಾಗ ಅನ್ನುವುದಕ್ಕೂ ಹಿನ್ನೆಲೆ ಇದೆ. ಕಂಪನಿ ಮೊದಲು ಕೈಯಿಂದ ಕೊಟ್ಟು ಆಮೇಲೆ ಕೇಳಬೇಕೇ, ಅಥವಾ ಹೊಣೆ ಖಚಿತವಾದ ಕೂಡಲೇ ಕೇಳಬಹುದೇ? ಕಾಯ್ದೆಯಲ್ಲಿ ಇದಕ್ಕೆ ನೇರ ಉತ್ತರ ಇಲ್ಲ. ಬಾಂಬೆ ಹೈಕೋರ್ಟ್ 1942ರಲ್ಲಿ ಗಜಾನನ ಮೋರೇಶ್ವರ ಪರೇಲ್ಕರ್ ಪ್ರಕರಣದಲ್ಲಿ, ಹೊಣೆ ಖಚಿತವಾಗಿದ್ದರೆ ದುಡ್ಡು ಕಟ್ಟುವ ಮೊದಲೇ ಇಂಡೆಮ್ನಿಟಿ ಕೊಟ್ಟವರನ್ನು ಕೇಳಬಹುದು ಅಂತ ಹೇಳಿತು. ಅದನ್ನು ನಂಬಿ ಸುಮ್ಮನಿರುವ ಬದಲು ಒಪ್ಪಂದದಲ್ಲೇ ಬರೆಯಿರಿ: ಬಿಲ್ ಅಥವಾ ಆದೇಶದ ಪ್ರತಿ ಕಳಿಸಿದ 15 ದಿನದಲ್ಲಿ ವೆಂಡರ್ ಕೊಡಬೇಕು, ಕೊಡದಿದ್ದರೆ ಮುಂದಿನ ತಿಂಗಳ ಬಿಲ್ಲಿನಲ್ಲಿ ಕಂಪನಿ ಮುರಿದುಕೊಳ್ಳಬಹುದು. ಮುರಿದುಕೊಳ್ಳುವ ಹಕ್ಕು ಬರೆದಿರದೆ ಮ್ಯಾನೇಜರ್ ಬಿಲ್ ತಡೆಹಿಡಿದರೆ ತಪ್ಪು ಕಂಪನಿಯ ಕಡೆಗೆ ತಿರುಗುತ್ತದೆ.

## ಹಂತ 8: ಮ್ಯಾನೇಜರ್ ಕೈಗೆ ಕೊಟ್ಟು ಪರೀಕ್ಷೆ ಮಾಡಿ

ಕರಡು ಬರೆಯುವಾಗ ಜೊತೆಗಿಲ್ಲದ ಒಬ್ಬ ಮ್ಯಾನೇಜರ್ ಬೇಕು. ಷರತ್ತಿನ ಪ್ರತಿ ಕೊಡಿ, ನೀವು ಬಾಯಿ ಬಿಡಬೇಡಿ. ಐದು ಘಟನೆಗಳನ್ನು ಸ್ವಲ್ಪ ತಿರುಚಿ ಕೇಳಿ. "ಹೊರಗಿನಿಂದ ಬಂದ ಬೈಯರ್ ಕ್ಯಾಂಟೀನ್ ಊಟ ತಿಂದು ಕಾಯಿಲೆ ಬಿದ್ದರೆ?" "ವೆಂಡರ್ ಬಿಟ್ಟು ಹೋದ ಮೂರು ತಿಂಗಳ ಮೇಲೆ ಹಳೆಯ ಪಿಎಫ್ ನೋಟಿಸ್ ಬಂದರೆ?" ಪ್ರತಿ ಉತ್ತರಕ್ಕೂ ಯಾವ ಉಪಷರತ್ತು ನೋಡಿ ಹೇಳಿದಿರಿ ಅಂತ ಬೆರಳಿಟ್ಟು ತೋರಿಸಲು ಹೇಳಿ.

ಉತ್ತರ ಸರಿ ಇದ್ದು ಬೆರಳು ತಪ್ಪು ಸಾಲಿನ ಮೇಲಿದ್ದರೆ ಅವರು ಊಹೆ ಮಾಡಿದ್ದಾರೆ ಅಂತ ಅರ್ಥ, ಆ ಸಾಲನ್ನು ಮತ್ತೆ ಬರೆಯಿರಿ. "ಸಾಮಾನ್ಯವಾಗಿ ವೆಂಡರ್ ಕೊಡುತ್ತಾರೆ" ಅನ್ನುವ ಉತ್ತರ ಬಂದರೂ ಅಷ್ಟೇ. ಎರಡನೇ ಪ್ರಶ್ನೆಗೆ ಬಹಳ ಜನ ತಡವರಿಸುತ್ತಾರೆ, ಯಾಕೆಂದರೆ ಒಪ್ಪಂದ ಮುಗಿದ ಮೇಲೂ 14ನೇ ಷರತ್ತು ಎಷ್ಟು ಕಾಲ ಜೀವಂತ ಅನ್ನುವುದನ್ನು ಬರೆಯಲು ಮರೆತಿರುತ್ತೇವೆ. ಅದನ್ನು ಸೇರಿಸಿ.

ಇದಾದ ಮೇಲೆ ಹಂತ 2ರ ಐದು ಕಾಲಂ ಶೀಟ್ ಮತ್ತೆ ತೆರೆಯಿರಿ. ಹಳೆಯ ವಾಕ್ಯದ ಪ್ರತಿ ಪದ ಹೊಸದರಲ್ಲಿ ಎಲ್ಲಿಗೆ ಹೋಯಿತು ಅಂತ ಮುಂದೆ ಬರೆಯಿರಿ. "ಅಂಗಸಂಸ್ಥೆಗಳು, ನಿರ್ದೇಶಕರು" ಎಲ್ಲಿ ಹೋದರು? ನಮ್ಮ ಹೊಸ 14.1ರಲ್ಲಿ ಅವರಿಲ್ಲ! ನಿರ್ದೇಶಕರ ಹೆಸರಿಗೇ ನೋಟಿಸ್ ಬರುವುದುಂಟು, ಹಾಗಾಗಿ "ಕಂಪನಿ ಅಂದರೆ ಅದರ ಅಂಗಸಂಸ್ಥೆಗಳು, ನಿರ್ದೇಶಕರು ಮತ್ತು ನೌಕರರೂ ಸೇರಿ" ಅನ್ನುವ ಸಾಲು ಹಾಕಬೇಕು. "ಪ್ರತಿವಾದ" ಹಂತ 7ರ ವಕೀಲರ ಸಾಲಿನಲ್ಲಿ ಉಳಿದಿದೆಯೇ ನೋಡಿ. ಬೇಕೆಂದೇ ಕೈಬಿಟ್ಟದ್ದಿದ್ದರೆ ಯಾರು ಒಪ್ಪಿದರು, ಯಾವ ದಿನ ಅಂತ ಪಕ್ಕದಲ್ಲಿ ಬರೆಯಿರಿ. ಈ ಶೀಟ್ ಸಮೇತ ವಕೀಲರಿಗೆ ಕಳಿಸಿ, ಬರೀ ಹೊಸ ಕರಡು ಕಳಿಸಬೇಡಿ.

## ಸಹಿ ಆಗುವಾಗ

ಬದಲಾವಣೆಯನ್ನು ತಿದ್ದುಪಡಿ ಒಪ್ಪಂದವಾಗಿ ಮಾಡಿ, ಇಬ್ಬರೂ ಸಹಿ ಹಾಕಬೇಕು. ಇಮೇಲ್‌ನಲ್ಲಿ "ಸರಿ" ಅಂದದ್ದು ಸಾಕು ಅಂದುಕೊಳ್ಳಬೇಡಿ, ಹಳೆಯ ಒಪ್ಪಂದದಲ್ಲೇ ತಿದ್ದುಪಡಿ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು ಅಂತ ಸಾಮಾನ್ಯವಾಗಿ ಇರುತ್ತದೆ. ಸ್ಟ್ಯಾಂಪ್ ಶುಲ್ಕ ಎಷ್ಟು ಅಂತ ವಕೀಲರನ್ನು ಕೇಳಿ ಇ-ಸ್ಟ್ಯಾಂಪ್ ಮೇಲೆ ಮಾಡಿಸಿ. ಕ್ಯಾಂಟೀನ್ ಸೂಪರ್‌ವೈಸರ್‌ಗೆ ಅಂತ ಕನ್ನಡದಲ್ಲೂ ಒಂದು ಪ್ರತಿ ಮಾಡಿದರೆ, ಎರಡರಲ್ಲಿ ವ್ಯತ್ಯಾಸ ಬಂದಾಗ ಯಾವುದು ಮಾನ್ಯ ಅನ್ನುವುದನ್ನು ಎರಡರಲ್ಲೂ ಬರೆಯಿರಿ.

ಘಟನೆ, ಮೊದಲು ಕಟ್ಟುವವರು, ಕೊನೆಗೆ ಹೊರುವವರು, ಮಿತಿ, ಎಷ್ಟು ದಿನದಲ್ಲಿ ತಿಳಿಸಬೇಕು ಎಂಬ ಐದು ಕಾಲಂ ಇರುವ ಒಂದು ಪುಟವನ್ನು ಮ್ಯಾನೇಜರ್ ಫೈಲಿನ ಮೊದಲಿಗೆ ಹಾಕಿ, ಪ್ರತಿ ಸಾಲಿನ ಪಕ್ಕ ಉಪಷರತ್ತಿನ ಸಂಖ್ಯೆ ಇರಲಿ. ವೆಂಡರ್ ವಿಮೆ ನವೀಕರಿಸಿದಾಗ, ಅಥವಾ ಅಡುಗೆಮನೆಯಲ್ಲಿ ಯಾರ ಕೈಯಲ್ಲಿ ಏನಿದೆ ಅನ್ನುವುದು ಬದಲಾದಾಗ, ಉದಾಹರಣೆಗೆ ಸಂಪಿನ ಬದಲು ವೆಂಡರೇ ಕ್ಯಾನ್ ನೀರು ತರಿಸಲು ಶುರು ಮಾಡಿದಾಗ, ಆ ಪುಟ ತೆಗೆದು 14.2 ಇನ್ನೂ ಸರಿಯೇ ಅಂತ ನೋಡಿ.